ಪುಸ್ತಕ ಲೈಸೆನ್ಸಿನ ರಾಯಲ್ಟಿ ಲೆಕ್ಕ: ಮಿನಿಮಮ್ ರೆಂಟ್, ಶಾರ್ಟ್ ವರ್ಕಿಂಗ್ಸ್, ರಿಕೂಪ್‌ಮೆಂಟ್ ತಪ್ಪದಂತೆ ಬರೆಯುವುದು ಹೇಗೆ

ರಾಯಲ್ಟಿ ಲೆಕ್ಕದಲ್ಲಿ ಮೊದಲ ಎರಡು ವರ್ಷ ಎಲ್ಲರೂ ಸರಿಯಾಗಿ ಬರೆಯುತ್ತಾರೆ. ಮೂರನೇ ವರ್ಷ ಬಂದ ಕೂಡಲೇ ಗೊಂದಲ ಶುರುವಾಗುತ್ತದೆ. ಮಾರಾಟ ಜಾಸ್ತಿಯಾಗಿದೆ, ಹಳೇ ಕೊರತೆ ಬಾಕಿ ಇದೆ, ಅದರಲ್ಲಿ ಎಷ್ಟು ವಜಾ ಮಾಡಬಹುದು, ಎಷ್ಟು ಕೈಬಿಟ್ಟು ಹೋಯಿತು ಅನ್ನುವಲ್ಲಿ ಬಿ.ಕಾಂ. ವಿದ್ಯಾರ್ಥಿಗಳೂ ಎಡವುತ್ತಾರೆ, ಸಣ್ಣ ಪ್ರಕಾಶನಗಳಲ್ಲಿ ಲೆಕ್ಕ ಬರೆಯುವವರೂ ಎಡವುತ್ತಾರೆ. ತಪ್ಪು ಹೆಚ್ಚಾಗಿ ಜರ್ನಲ್‌ನಲ್ಲಿ ಕಾಣುತ್ತದೆ, ಆದರೆ ಹುಟ್ಟುವುದು ಅದಕ್ಕೂ ಮೊದಲೇ. ಪ್ರತಿ ವರ್ಷದ ಕೊರತೆಗೂ ಅದರದ್ದೇ ಆದ ಕೊನೆಯ ದಿನಾಂಕ ಇರುತ್ತದೆ. ಅದನ್ನು ಬರೆದಿಡದೆ ಎಲ್ಲವನ್ನೂ ಒಂದೇ ಮೊತ್ತವಾಗಿ ಕೂಡಿಸಿಬಿಟ್ಟರೆ ಮುಂದೆ ಏನು ಮಾಡಿದರೂ ಲೆಕ್ಕ ಸರಿಹೋಗುವುದಿಲ್ಲ.

ಹಾಗಾಗಿ ಒಂದೇ ಉದಾಹರಣೆಯನ್ನು ಮೊದಲ ವರ್ಷದಿಂದ ಕೊನೆಯ ವರ್ಷದವರೆಗೂ ಮಾಡಿ ನೋಡೋಣ. ಗಣಿ ಗುತ್ತಿಗೆಯ ಉದಾಹರಣೆ ಪಠ್ಯಪುಸ್ತಕದಲ್ಲಿ ಬೇಕಾದಷ್ಟು ಸಿಗುತ್ತದೆ. ಪುಸ್ತಕ ಪ್ರಕಟಣೆಯ ಲೆಕ್ಕದಲ್ಲಿ ಗಣಿಯಲ್ಲಿ ಇಲ್ಲದ ಒಂದೆರಡು ತೊಡಕುಗಳಿವೆ, ಅವಕ್ಕೆ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

## ಶುರು ಮಾಡುವ ಮೊದಲು ಮೇಜಿನ ಮೇಲೆ ಏನಿರಬೇಕು

ನಾಲ್ಕು ಕಾಗದ ಸಾಕು. ಲೇಖಕರ ಜೊತೆಗಿನ ಕರಾರು ಪತ್ರ, ಮುದ್ರಣದ ಬಿಲ್‌ಗಳು, ಮಾರ್ಚ್ 31ರ ದಾಸ್ತಾನು ಪಟ್ಟಿ, ಮತ್ತು ಅಂಗಡಿಗಳಿಗೆ ಕಳಿಸಿದ ಪುಸ್ತಕಗಳ ಚಲನ್‌ಗಳು. ಪರೀಕ್ಷೆಯಲ್ಲಾದರೆ ಇವೆಲ್ಲ ಪ್ರಶ್ನೆಯೊಳಗೇ ಇರುತ್ತವೆ, ಬಿಡಿಸಿಕೊಳ್ಳಬೇಕು ಅಷ್ಟೆ. ಲೆಕ್ಕ ಮಾಡಲು ಎಕ್ಸೆಲ್ ಹಾಳೆ ಇದ್ದರೆ ಒಳ್ಳೆಯದು, ಗೆರೆ ಎಳೆದ ಕಾಗದವೂ ನಡೆಯುತ್ತದೆ.

ನಮ್ಮ ಉದಾಹರಣೆ ಹೀಗಿದೆ. ಒಂದು ಪ್ರಕಾಶನ ಸಂಸ್ಥೆ ಒಬ್ಬ ಲೇಖಕರ ಪಠ್ಯಪುಸ್ತಕವನ್ನು ಮುದ್ರಿಸಿ ಮಾರಲು 2021ರ ಏಪ್ರಿಲ್ 1ರಿಂದ ಐದು ವರ್ಷಕ್ಕೆ ಲೈಸೆನ್ಸ್ ಪಡೆದಿದೆ. ಮಾರಾಟವಾದ ಪ್ರತಿ ಪುಸ್ತಕಕ್ಕೆ 40 ರೂಪಾಯಿ ರಾಯಲ್ಟಿ. ವರ್ಷಕ್ಕೆ ಮಿನಿಮಮ್ ರೆಂಟ್ 80,000 ರೂಪಾಯಿ. ಒಂದು ವರ್ಷದ ಶಾರ್ಟ್ ವರ್ಕಿಂಗ್ಸನ್ನು ಅದರ ಮುಂದಿನ ಎರಡು ವರ್ಷಗಳಲ್ಲಿ ಬರುವ ಹೆಚ್ಚುವರಿ ರಾಯಲ್ಟಿಯಿಂದ ರಿಕೂಪ್ ಮಾಡಿಕೊಳ್ಳಬಹುದು. ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ.

ಮಿನಿಮಮ್ ರೆಂಟ್ ಅಂದರೆ ಪುಸ್ತಕ ಎಷ್ಟೇ ಮಾರಾಟವಾಗಲಿ, ಲೇಖಕರಿಗೆ ವರ್ಷಕ್ಕೆ ಇಷ್ಟು ಕೊಟ್ಟೇ ಕೊಡುತ್ತೇವೆ ಎಂಬ ಮಾತು. ಪುಸ್ತಕದ ವ್ಯವಹಾರದಲ್ಲಿ ಇದನ್ನೇ ಮಿನಿಮಮ್ ಗ್ಯಾರಂಟಿ ಅಂತಲೂ ಕರೆಯುತ್ತಾರೆ. ನಿಜವಾದ ರಾಯಲ್ಟಿ ಇದಕ್ಕಿಂತ ಕಡಿಮೆ ಬಂದರೆ, ಆ ಕೊರತೆಯೇ ಶಾರ್ಟ್ ವರ್ಕಿಂಗ್ಸ್. ಆ ಕೊರತೆಯನ್ನು ಮುಂದೆ ಒಳ್ಳೆಯ ವರ್ಷ ಬಂದಾಗ ವಜಾ ಹಾಕಿಕೊಳ್ಳುವುದು ರಿಕೂಪ್‌ಮೆಂಟ್.

## ಹಂತ 1: ಕರಾರಿನಲ್ಲಿ ರಿಕೂಪ್ ಮಾಡುವ ಸಾಲನ್ನು ಎರಡು ಸಲ ಓದಿ

ಕೈಗೆ ಪೆನ್ನು ತೆಗೆದುಕೊಳ್ಳುವ ಮೊದಲು ಈ ಒಂದು ಸಾಲು ಖಚಿತವಾಗಬೇಕು. ರಿಕೂಪ್ ಮಾಡುವ ಹಕ್ಕು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಬರುತ್ತದೆ, ಮತ್ತು ಎರಡೂ ಓದುವಾಗ ಒಂದೇ ಥರ ಕಾಣುತ್ತವೆ.

"ಲೈಸೆನ್ಸಿನ ಮೊದಲ ಮೂರು ವರ್ಷಗಳೊಳಗೆ" ಅಂತಿದ್ದರೆ ಅದು ಫಿಕ್ಸೆಡ್. ಮೂರನೇ ವರ್ಷ ಮುಗಿದ ದಿನ ಬಾಕಿ ಇರುವ ಕೊರತೆಯೆಲ್ಲ ಲ್ಯಾಪ್ಸ್, ಅಂದರೆ ಕೈಬಿಟ್ಟು ಹೋಯಿತು, ಅದು ಯಾವ ವರ್ಷದ್ದೇ ಆಗಿರಲಿ. "ಆಯಾ ವರ್ಷದ ಮುಂದಿನ ಎರಡು ವರ್ಷಗಳಲ್ಲಿ" ಅಂತಿದ್ದರೆ ಅದು ಫ್ಲೋಟಿಂಗ್. ಇಲ್ಲಿ ಪ್ರತಿ ವರ್ಷದ ಕೊರತೆಗೂ ಬೇರೆ ಬೇರೆ ಗಡುವು.

ನಮ್ಮದು ಎರಡನೇ ಬಗೆ. 2021-22ರ ಕೊರತೆಗೆ 2024ರ ಮಾರ್ಚ್ 31ರವರೆಗೆ ಅವಕಾಶ. 2022-23ರ ಕೊರತೆಗೆ 2025ರ ಮಾರ್ಚ್ 31ರವರೆಗೆ. ಈ ದಿನಾಂಕಗಳನ್ನು ಹಾಳೆಯ ತಲೆಯಲ್ಲೇ ಬರೆದುಬಿಡಿ, ನೆನಪಿನಲ್ಲಿಟ್ಟುಕೊಂಡರೆ ಆಯಿತು ಅಂದುಕೊಳ್ಳಬೇಡಿ. ಲೈಸೆನ್ಸ್ 2026ರ ಮಾರ್ಚ್ 31ಕ್ಕೆ ಮುಗಿಯುತ್ತದೆ ಎಂಬುದನ್ನೂ ಅಲ್ಲೇ ಬರೆಯಿರಿ, ಯಾಕೆಂದರೆ ಐದನೇ ವರ್ಷದ ಕೊರತೆಗೆ "ಮುಂದಿನ ಎರಡು ವರ್ಷ" ಅನ್ನುವುದೇ ಇರುವುದಿಲ್ಲ.

ಕರಾರಿನಲ್ಲಿ ರಿಕೂಪ್ ಬಗ್ಗೆ ಒಂದು ಮಾತೂ ಇಲ್ಲದಿದ್ದರೆ? ಆಗ ರಿಕೂಪ್ ಮಾಡುವ ಹಕ್ಕಿಲ್ಲ. ಕೊರತೆಯನ್ನು ಅದೇ ವರ್ಷ ಲಾಭ-ನಷ್ಟ ಖಾತೆಗೆ ಹಾಕಬೇಕು. ಸುಮ್ನೆ ಮುಂದಕ್ಕೆ ಒಯ್ಯುವುದಕ್ಕೆ ಬರುವುದಿಲ್ಲ.

ಮುಂಗಡದ ಜೊತೆ ಇದನ್ನು ಬೆರೆಸುವವರೂ ಇದ್ದಾರೆ. ಲೇಖಕರಿಗೆ ಮುಂಗಡ ಕೊಟ್ಟಿದ್ದರೆ, ಸಾಮಾನ್ಯವಾಗಿ ಅದು ಪೂರ್ತಿ ತೀರುವವರೆಗೆ ಬರುವ ರಾಯಲ್ಟಿಯೆಲ್ಲ ಅದಕ್ಕೇ ವಜಾ ಆಗುತ್ತದೆ. ಶಾರ್ಟ್ ವರ್ಕಿಂಗ್ಸ್ ಹಾಗಲ್ಲ. ಆ ವರ್ಷದ ರಾಯಲ್ಟಿ ಮಿನಿಮಮ್ ರೆಂಟನ್ನು ದಾಟಬೇಕು, ದಾಟಿದ ಭಾಗದಿಂದ ಮಾತ್ರ ಹಳೇ ಕೊರತೆ ವಜಾ ಆಗಬೇಕು. ರಿಕೂಪ್ ಮಾಡಿದ ಮೇಲೆ ಲೇಖಕರಿಗೆ ಸಿಗುವ ಮೊತ್ತ 80,000ಕ್ಕಿಂತ ಕಡಿಮೆ ಬಂತೆಂದರೆ ಎಲ್ಲೋ ತಪ್ಪಾಗಿದೆ ಅಂತಲೇ ತಿಳಿಯಿರಿ.

## ಹಂತ 2: ಎಷ್ಟು ಪ್ರತಿ ಮಾರಾಟವಾಯಿತು ಅಂತ ಎಣಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು. ಎಷ್ಟೋ ಜನ ಮುದ್ರಣವಾದ ಪ್ರತಿಗಳ ಮೇಲೆ ರಾಯಲ್ಟಿ ಹಾಕುತ್ತಾರೆ. ಕರಾರು "ಮಾರಾಟವಾದ ಪ್ರತಿ" ಅಂದರೆ ಮಾರಾಟವಾದದ್ದನ್ನೇ ಎಣಿಸಬೇಕು. ಲೆಕ್ಕ ಹೀಗೆ: ವರ್ಷದ ಆರಂಭದ ದಾಸ್ತಾನಿಗೆ ಆ ವರ್ಷ ಮುದ್ರಿಸಿದ್ದನ್ನು ಕೂಡಿಸಿ, ವರ್ಷದ ಕೊನೆಯ ದಾಸ್ತಾನು ಕಳೆಯಿರಿ, ಗೌರವ ಪ್ರತಿಗಳನ್ನೂ ಹಾಳಾದ ಪ್ರತಿಗಳನ್ನೂ ಕಳೆಯಿರಿ.

2021-22ರಲ್ಲಿ 2,000 ಪ್ರತಿ ಮುದ್ರಣವಾಯಿತು. 50 ಗೌರವ ಪ್ರತಿ ಹೋದವು. ಮಾರ್ಚ್ 31ಕ್ಕೆ 750 ಉಳಿದಿವೆ. ಮಾರಾಟ 1,200. ಮರುವರ್ಷ ಆ 750ಕ್ಕೆ ಇನ್ನು 1,500 ಸೇರಿದವು, ಕೊನೆಗೆ 650 ಉಳಿದವು, ಮಾರಾಟ 1,600.

ಈಗ ಆ 750ನ್ನು ಹತ್ತಿರದಿಂದ ನೋಡೋಣ. ಅದರಲ್ಲಿ 450 ಗೋದಾಮಿನಲ್ಲಿವೆ. ಉಳಿದ 300 ಪುಸ್ತಕದಂಗಡಿಗಳಲ್ಲಿವೆ, ಮಾರಾಟವಾದರೆ ದುಡ್ಡು ಕೊಡಿ, ಇಲ್ಲದಿದ್ದರೆ ವಾಪಸ್ ಕೊಡಿ ಎಂಬ ಷರತ್ತಿನ ಮೇಲೆ ಕಳಿಸಿದ್ದು. ಲೆಕ್ಕ ಬರೆಯುವವರು ಗೋದಾಮಿಗೆ ಮಾತ್ರ ಹೋಗಿ 450 ಅಂತ ಬರೆದುಕೊಂಡು ಬಂದರೆ ಮಾರಾಟ 1,500 ಆಗುತ್ತದೆ. ರಾಯಲ್ಟಿ 48,000ದ ಬದಲು 60,000. ಕೊರತೆ 32,000ದ ಬದಲು 20,000.

ಈ ತಪ್ಪು ಆ ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲ. ಯಾಕೆ ಅಂದರೆ ಲೇಖಕರಿಗೆ ಹೋಗುವುದು ಹೇಗೂ 80,000ವೇ. ಚೆಕ್ಕಿನ ಮೊತ್ತ ಬದಲಾಗದ ಕಾರಣ ಯಾರೂ ಪ್ರಶ್ನೆ ಮಾಡುವುದಿಲ್ಲ. ಮರುವರ್ಷ ಆರಂಭದ ದಾಸ್ತಾನು 450 ಅಂತಲೇ ಬರುತ್ತದೆ, ಮಾರಾಟ 1,300, ರಾಯಲ್ಟಿ 52,000, ಕೊರತೆ 28,000. ಎರಡು ವರ್ಷದ ಒಟ್ಟು ಕೊರತೆ ಆಗಲೂ 48,000, ಈಗಲೂ 48,000. ಎಲ್ಲ ಸರಿಯಾಗೇ ಕಾಣುತ್ತದೆ. ಆದರೆ 12,000 ರೂಪಾಯಿ ಕೊರತೆ ಮೊದಲ ವರ್ಷದಿಂದ ಎರಡನೇ ವರ್ಷಕ್ಕೆ ಜಾರಿದೆ, ಅದರ ಜೊತೆಗೆ ಅದರ ಗಡುವೂ ಒಂದು ವರ್ಷ ಮುಂದೆ ಹೋಗಿದೆ. ಇದರಿಂದ ನಾಲ್ಕನೇ ವರ್ಷ ಲೇಖಕರಿಗೆ 12,000 ಕಡಿಮೆ ಹೋಗುತ್ತದೆ. ಹೇಗೆ ಅಂತ ಹಂತ 4ರಲ್ಲಿ ಕಾಣುತ್ತದೆ.

ಆದ್ದರಿಂದ ಮಿನಿಮಮ್ ರೆಂಟ್ ಕೊಡುವ ವರ್ಷ "ಹೇಗೂ ಅಷ್ಟೇ ಕೊಡೋದು ಅಲ್ವಾ" ಅಂತ ಎಣಿಕೆಯಲ್ಲಿ ಸಡಿಲ ಬಿಡಬೇಡಿ. ಎಣಿಕೆ ತಪ್ಪಿದರೂ ಗೊತ್ತಾಗದಿರುವುದು ಆ ವರ್ಷಗಳಲ್ಲೇ.

ಇನ್ನೊಂದು ಸಣ್ಣ ವಿಷಯ. ರಾಯಲ್ಟಿ ಪ್ರತಿಗೆ ಇಷ್ಟು ಅಂತಿಲ್ಲದೆ ಶೇಕಡಾ ಲೆಕ್ಕದಲ್ಲಿದ್ದರೆ, ಅದು ಮುಖಬೆಲೆಯ ಮೇಲೋ, ಅಂಗಡಿಯವರ ಕಮಿಷನ್ ಕಳೆದು ಕೈಗೆ ಬಂದ ಹಣದ ಮೇಲೋ ಎಂದು ಕರಾರಿನಲ್ಲೇ ನೋಡಿ. 400 ರೂಪಾಯಿ ಮುಖಬೆಲೆಯ ಪುಸ್ತಕಕ್ಕೆ ಶೇ. 10 ಅಂದರೆ 40. ಅದೇ ಪುಸ್ತಕವನ್ನು ಶೇ. 30 ಕಮಿಷನ್ ಕೊಟ್ಟು ಮಾರಿದಾಗ ಕೈಗೆ ಬರುವುದು 280, ಅದರ ಮೇಲೆ ಶೇ. 10 ಅಂದರೆ 28.

## ಹಂತ 3: ಜರ್ನಲ್‌ಗೆ ಹೋಗುವ ಮೊದಲು ವಿಶ್ಲೇಷಣಾ ಪಟ್ಟಿ ಮಾಡಿ

ಪರೀಕ್ಷೆಯಲ್ಲಿ ಸಮಯ ಇಲ್ಲ ಅಂತ ಈ ಪಟ್ಟಿ ಬಿಟ್ಟು ನೇರ ಜರ್ನಲ್‌ಗೆ ಹಾರುವವರು ಅಲ್ಲೇ ಹೆಚ್ಚು ಸಮಯ ಕಳೆದುಕೊಳ್ಳುತ್ತಾರೆ. ಪಟ್ಟಿ ಸರಿ ಇದ್ದರೆ ಜರ್ನಲ್ ಬರೆಯುವುದು ನಕಲು ಮಾಡುವ ಕೆಲಸ.

ಮುಂದಿನ ಮೂರು ವರ್ಷಗಳ ಮಾರಾಟ 2,500, 2,700 ಮತ್ತು 1,900 ಪ್ರತಿ. ಪಟ್ಟಿ ಹೀಗೆ ಬರುತ್ತದೆ:

| ವರ್ಷ | ಪ್ರತಿ | ರಾಯಲ್ಟಿ | ಕೊರತೆ | ಹೆಚ್ಚುವರಿ | ರಿಕೂಪ್ | ಲ್ಯಾಪ್ಸ್ | ಮುಂದಕ್ಕೆ | ಲೇಖಕರಿಗೆ |
|---|---|---|---|---|---|---|---|---|
| 2021-22 | 1,200 | 48,000 | 32,000 | – | – | – | 32,000 | 80,000 |
| 2022-23 | 1,600 | 64,000 | 16,000 | – | – | – | 48,000 | 80,000 |
| 2023-24 | 2,500 | 1,00,000 | – | 20,000 | 20,000 | 12,000 | 16,000 | 80,000 |
| 2024-25 | 2,700 | 1,08,000 | – | 28,000 | 16,000 | – | – | 92,000 |
| 2025-26 | 1,900 | 76,000 | 4,000 | – | – | 4,000 | – | 80,000 |

ಎಕ್ಸೆಲ್‌ನಲ್ಲಿ ಮಾಡುವುದಾದರೆ, ರಾಯಲ್ಟಿ ಮೂರನೇ ಕಾಲಂನಲ್ಲಿದ್ದಾಗ ಕೊರತೆಗೂ ಹೆಚ್ಚುವರಿಗೂ ಈ ಎರಡು ಸೂತ್ರ ಸಾಕು:

```
=MAX(80000-C2,0)
=MAX(C2-80000,0)
```

ರಿಕೂಪ್ ಮತ್ತು ಲ್ಯಾಪ್ಸ್ ಕಾಲಂಗಳನ್ನು ಮೊದಮೊದಲು ಕೈಯಲ್ಲೇ ತುಂಬಿ. ಗಡುವುಗಳನ್ನು ನೀವೇ ನೋಡಿ ನಿರ್ಧರಿಸಿದಾಗಲೇ ಅದು ತಲೆಗೆ ಹತ್ತುತ್ತದೆ.

## ಹಂತ 4: ರಿಕೂಪ್ ಮಾಡುವಾಗ ಹಳೆಯದನ್ನು ಮೊದಲು ತೀರಿಸಿ

ಒಂದು ವರ್ಷ ಎಷ್ಟು ರಿಕೂಪ್ ಮಾಡಬಹುದು? ಆ ವರ್ಷದ ಹೆಚ್ಚುವರಿ ಎಷ್ಟು, ಗಡುವು ಮುಗಿಯದ ಹಳೇ ಕೊರತೆ ಎಷ್ಟು, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಕರಾರಿನಲ್ಲಿ ವರ್ಷಕ್ಕೆ ಇಷ್ಟೇ ಎಂಬ ಮಿತಿ ಹಾಕಿದ್ದರೆ ಅದನ್ನೂ ಹೋಲಿಸಿ ನೋಡಬೇಕು.

2023-24ರಲ್ಲಿ ಹೆಚ್ಚುವರಿ 20,000. ಹಳೇ ಕೊರತೆ 48,000. ಹಾಗಾಗಿ ರಿಕೂಪ್ 20,000. ಯಾವ ವರ್ಷದ ಕೊರತೆಯಿಂದ? 2021-22ರದ್ದರಿಂದ. ಅದರ ಗಡುವು ಇದೇ ವರ್ಷ ಮುಗಿಯುತ್ತದೆ. 32,000ದಲ್ಲಿ 20,000 ತೀರಿತು, ಉಳಿದ 12,000 ಲ್ಯಾಪ್ಸ್. 2022-23ರ 16,000ವನ್ನು ಮುಟ್ಟಿಲ್ಲ, ಅದಕ್ಕೆ ಇನ್ನೊಂದು ವರ್ಷ ಜೀವ ಇದೆ.

ಉಲ್ಟಾ ಮಾಡಿದರೆ ಏನಾಗುತ್ತದೆ ನೋಡಿ. ಹೊಸದಾದ 16,000ವನ್ನು ಮೊದಲು ತೀರಿಸಿ, 2021-22ರದ್ದರಿಂದ ಬರೀ 4,000 ತೆಗೆದುಕೊಂಡರೆ, ಅದರಲ್ಲಿ 28,000 ಲ್ಯಾಪ್ಸ್ ಆಗುತ್ತದೆ. 2024-25ರಲ್ಲಿ ಹೆಚ್ಚುವರಿ 28,000 ಇದ್ದರೂ ವಜಾ ಮಾಡಲು ಏನೂ ಉಳಿದಿರುವುದಿಲ್ಲ, ಪೂರ್ತಿ 1,08,000 ಕೊಡಬೇಕು. ಪ್ರಕಾಶಕರಿಗೆ 16,000 ರೂಪಾಯಿ ಸುಮ್ಮಸುಮ್ಮನೆ ನಷ್ಟ.

ಇನ್ನು ಹಂತ 2ರ ತಪ್ಪು ಎಣಿಕೆಗೆ ಬನ್ನಿ. ಅಲ್ಲಿ ಮೊದಲ ವರ್ಷದ ಕೊರತೆ 20,000 ಅಂತ ಆಗಿತ್ತು. 2023-24ರ ಹೆಚ್ಚುವರಿ 20,000ದಲ್ಲಿ ಅದು ಪೂರ್ತಿ ತೀರಿಬಿಡುತ್ತದೆ, ಲ್ಯಾಪ್ಸ್ ಏನೂ ಇಲ್ಲ. 2024-25ರಲ್ಲಿ ಎರಡನೇ ವರ್ಷದ 28,000ವೂ ಪೂರ್ತಿ ರಿಕೂಪ್ ಆಗುತ್ತದೆ, ಲೇಖಕರಿಗೆ 92,000ದ ಬದಲು 80,000 ಹೋಗುತ್ತದೆ. ಮೂರು ವರ್ಷದ ಹಿಂದೆ ಅಂಗಡಿಯಲ್ಲಿದ್ದ 300 ಪುಸ್ತಕ ಎಣಿಸದೇ ಹೋದದ್ದಕ್ಕೆ ಲೇಖಕರ 12,000 ರೂಪಾಯಿ ಹೋಯಿತು. ಇದು ಲೇಖಕರ ದುಡ್ಡು. ಅವರಿಗೆ ನಮ್ಮ ಗೋದಾಮಿನ ಪಟ್ಟಿ ನೋಡುವ ದಾರಿ ಇರುವುದಿಲ್ಲ, ನಾವು ಬರೆದದ್ದನ್ನು ನಂಬುತ್ತಾರೆ. ಅದಕ್ಕೇ ಈ ಎಣಿಕೆಯನ್ನು ಇಷ್ಟು ಒತ್ತಿ ಹೇಳುತ್ತಿರುವುದು.

ಇದೇ ಅಂಕಿಗಳು ಫಿಕ್ಸೆಡ್ ಕರಾರಿನಲ್ಲಿ, ಅಂದರೆ ಮೊದಲ ಮೂರು ವರ್ಷದೊಳಗೆ ಮಾತ್ರ ರಿಕೂಪ್ ಅಂತಿದ್ದರೆ, 2023-24ರಲ್ಲಿ 20,000 ರಿಕೂಪ್ ಆಗಿ ಉಳಿದ 28,000 ಒಟ್ಟಿಗೆ ಲ್ಯಾಪ್ಸ್ ಆಗುತ್ತಿತ್ತು. ನಾಲ್ಕನೇ ವರ್ಷ 1,08,000 ಪೂರ್ತಿ ಕೊಡಬೇಕಿತ್ತು. ಕರಾರಿನ ಒಂದು ಸಾಲನ್ನು ತಪ್ಪು ಓದಿದರೆ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದು ಇದರಲ್ಲೇ ಕಾಣುತ್ತದೆ.

ಹಿಂದಕ್ಕೆ ರಿಕೂಪ್ ಇಲ್ಲ ಅನ್ನುವುದನ್ನೂ ಗಮನದಲ್ಲಿಡಿ. 2024-25ರಲ್ಲಿ 16,000 ವಜಾ ಆದ ಮೇಲೂ 12,000 ಹೆಚ್ಚುವರಿ ಉಳಿದಿತ್ತು. ಅದನ್ನು 2025-26ರ 4,000 ಕೊರತೆಗೆ ಹೊಂದಿಸಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಆ 12,000 ಆಗಲೇ ಲೇಖಕರ ಕೈ ಸೇರಿದೆ. ಕೊರತೆ ಮೊದಲು ಬರಬೇಕು, ಹೆಚ್ಚುವರಿ ಆಮೇಲೆ ಬರಬೇಕು, ಆಗ ಮಾತ್ರ ರಿಕೂಪ್.

## ಹಂತ 5: ಪ್ರಕಾಶಕರ ಪುಸ್ತಕದಲ್ಲಿ ಜರ್ನಲ್ ಬರೆಯಿರಿ

ಪಟ್ಟಿಯ ಒಂದೊಂದು ಸಾಲನ್ನೂ ನೋಡಿಕೊಂಡು ಬರೆಯುತ್ತಾ ಹೋಗಿ. ಕೊರತೆ ಬಂದ ವರ್ಷ, ಅಂದರೆ 2021-22ರಲ್ಲಿ:

- ರಾಯಲ್ಟಿ ಖಾತೆ ಡೆಬಿಟ್ 48,000
- ಶಾರ್ಟ್ ವರ್ಕಿಂಗ್ಸ್ ಖಾತೆ ಡೆಬಿಟ್ 32,000
- ಲೇಖಕರ ಖಾತೆ ಕ್ರೆಡಿಟ್ 80,000

ಹಣ ಕೊಟ್ಟಾಗ ಲೇಖಕರ ಖಾತೆ ಡೆಬಿಟ್, ಬ್ಯಾಂಕ್ ಕ್ರೆಡಿಟ್. ವರ್ಷದ ಕೊನೆಗೆ ರಾಯಲ್ಟಿ ಖಾತೆಯ 48,000ವನ್ನು ಲಾಭ-ನಷ್ಟ ಖಾತೆಗೆ ವರ್ಗಾಯಿಸಿ. ಗಣಿಯಲ್ಲಿ ತೆಗೆದ ಅದಿರಿನ ಮೇಲೆ ರಾಯಲ್ಟಿ ಇರುವುದರಿಂದ ಅದು ಟ್ರೇಡಿಂಗ್ ಅಥವಾ ಉತ್ಪಾದನಾ ಖಾತೆಗೆ ಹೋಗುತ್ತದೆ. ಇಲ್ಲಿ ಮಾರಾಟದ ಮೇಲೆ ರಾಯಲ್ಟಿ, ಆದ್ದರಿಂದ ಲಾಭ-ನಷ್ಟ ಖಾತೆ. ಗಣಿಯ ಲೆಕ್ಕ ಬಾಯಿಪಾಠ ಮಾಡಿ ಬಂದವರು ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ.

32,000 ಮಾತ್ರ ಲಾಭ-ನಷ್ಟ ಖಾತೆಗೆ ಹೋಗಬಾರದು. ಅದು ಬ್ಯಾಲೆನ್ಸ್ ಶೀಟಿನ ಆಸ್ತಿ ಕಡೆ ಕೂರುತ್ತದೆ. 2022-23ಕ್ಕೂ ಇದೇ ರೀತಿ, 64,000 ಮತ್ತು 16,000 ಹಾಕಿ.

ರಿಕೂಪ್ ಮಾಡಿದ 2023-24ರಲ್ಲಿ:

- ರಾಯಲ್ಟಿ ಖಾತೆ ಡೆಬಿಟ್ 1,00,000
- ಲೇಖಕರ ಖಾತೆ ಕ್ರೆಡಿಟ್ 80,000
- ಶಾರ್ಟ್ ವರ್ಕಿಂಗ್ಸ್ ಖಾತೆ ಕ್ರೆಡಿಟ್ 20,000

ಆಮೇಲೆ ಲ್ಯಾಪ್ಸ್ ಆದದ್ದಕ್ಕೆ ಬೇರೆ ಎಂಟ್ರಿ:

- ಲಾಭ-ನಷ್ಟ ಖಾತೆ ಡೆಬಿಟ್ 12,000
- ಶಾರ್ಟ್ ವರ್ಕಿಂಗ್ಸ್ ಖಾತೆ ಕ್ರೆಡಿಟ್ 12,000

ಇಲ್ಲಿ ರಾಯಲ್ಟಿ ಖಾತೆಗೆ 80,000 ಡೆಬಿಟ್ ಮಾಡುವುದು ತುಂಬಾ ಸಾಮಾನ್ಯವಾದ ತಪ್ಪು. ಕೊಟ್ಟದ್ದು 80,000 ಇರಬಹುದು, ಆದರೆ ಆ ವರ್ಷ 2,500 ಪುಸ್ತಕ ಮಾರಿದ್ದಕ್ಕೆ ತಗುಲಿದ ಖರ್ಚು 1,00,000. ರಾಯಲ್ಟಿ ಖಾತೆಯಲ್ಲಿ ಯಾವಾಗಲೂ ಪ್ರತಿಗಳ ಸಂಖ್ಯೆಯನ್ನು ದರದಿಂದ ಗುಣಿಸಿದ ಮೊತ್ತವೇ ಇರಬೇಕು, ಅದಕ್ಕೆ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.

2024-25ರಲ್ಲಿ ರಾಯಲ್ಟಿ ಡೆಬಿಟ್ 1,08,000, ಲೇಖಕರಿಗೆ ಕ್ರೆಡಿಟ್ 92,000, ಶಾರ್ಟ್ ವರ್ಕಿಂಗ್ಸ್ ಕ್ರೆಡಿಟ್ 16,000. ಕೊನೆಯ ವರ್ಷ ರಾಯಲ್ಟಿ ಡೆಬಿಟ್ 76,000, ಶಾರ್ಟ್ ವರ್ಕಿಂಗ್ಸ್ ಡೆಬಿಟ್ 4,000, ಲೇಖಕರಿಗೆ ಕ್ರೆಡಿಟ್ 80,000, ಮತ್ತು ಅದೇ ದಿನ ಆ 4,000ವನ್ನು ಲಾಭ-ನಷ್ಟ ಖಾತೆಗೆ ಹಾಕಿ ಮುಗಿಸಿ. ಲೈಸೆನ್ಸ್ ಮುಗಿದ ಮೇಲೆ ಈ ಆಸ್ತಿಗೆ ಬೆಲೆ ಇಲ್ಲ.

ಪ್ರಶ್ನೆಯಲ್ಲಿ ಮಿನಿಮಮ್ ರೆಂಟ್ ಖಾತೆ ತೆರೆಯಿರಿ ಅಂತ ಕೇಳಿದ್ದರೆ, ಅದನ್ನು ಕೊರತೆಯಾದ ವರ್ಷ ಮಾತ್ರ ತೆರೆಯಬೇಕು. ಮೊದಲು ಮಿನಿಮಮ್ ರೆಂಟ್ ಡೆಬಿಟ್ 80,000, ಲೇಖಕರಿಗೆ ಕ್ರೆಡಿಟ್ 80,000. ನಂತರ ರಾಯಲ್ಟಿ 48,000 ಮತ್ತು ಶಾರ್ಟ್ ವರ್ಕಿಂಗ್ಸ್ 32,000 ಡೆಬಿಟ್, ಮಿನಿಮಮ್ ರೆಂಟ್ 80,000 ಕ್ರೆಡಿಟ್. 2023-24ರಲ್ಲಿ ಲೇಖಕರಿಗೆ 80,000ವೇ ಹೋಗಿದೆ ಅಂತ ಆ ವರ್ಷವೂ ಈ ಖಾತೆ ತೆರೆದರೆ ತಪ್ಪು. ಆ ವರ್ಷ ರಾಯಲ್ಟಿ ಮಿನಿಮಮ್ ರೆಂಟಿಗಿಂತ ಜಾಸ್ತಿ ಇದೆ, 80,000 ಬಂದದ್ದು ರಿಕೂಪ್ ಆದದ್ದರಿಂದ.

ಲೇಖಕರ ಕಡೆಯ ಲೆಕ್ಕ ಇದರ ಕನ್ನಡಿ. ಮೊದಲ ವರ್ಷ ಪ್ರಕಾಶಕರ ಖಾತೆ ಡೆಬಿಟ್ 80,000, ರಾಯಲ್ಟಿ ಆದಾಯ ಕ್ರೆಡಿಟ್ 48,000, ಶಾರ್ಟ್ ವರ್ಕಿಂಗ್ಸ್ ಸಸ್ಪೆನ್ಸ್ ಕ್ರೆಡಿಟ್ 32,000. ಪ್ರಕಾಶಕರಿಗೆ ಲ್ಯಾಪ್ಸ್ ಆದದ್ದು ಲೇಖಕರಿಗೆ ಆದಾಯವಾಗುತ್ತದೆ.

## ಹಂತ 6: ಟಿಡಿಎಸ್ ಯಾವ ಮೊತ್ತದ ಮೇಲೆ ಅಂತ ನೋಡಿ

ಪರೀಕ್ಷೆಗೆ ಓದುವವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ನಿಜವಾದ ಲೆಕ್ಕ ಬರೆಯುವವರಿಗೆ ಬೇಕು.

ಉದಾಹರಣೆಯ ವರ್ಷಗಳಿಗೆ ಅನ್ವಯಿಸುವುದು 1961ರ ಆದಾಯ ತೆರಿಗೆ ಕಾಯ್ದೆಯ 194ಜೆ ಸೆಕ್ಷನ್. ರಾಯಲ್ಟಿಗೆ ಶೇ. 10 ಕಡಿತ. ವರ್ಷಕ್ಕೆ 30,000 ದಾಟಿದರೆ ಕಡಿತ ಎಂಬ ಮಿತಿ 2025ರ ಏಪ್ರಿಲ್ 1ರಿಂದ 50,000 ಆಯಿತು. ಲೇಖಕರ ಖಾತೆಗೆ ಕ್ರೆಡಿಟ್ ಮಾಡಿದ ದಿನ, ಹಣ ಕೊಟ್ಟ ದಿನ, ಯಾವುದು ಮೊದಲೋ ಆಗ ಕಡಿಯಬೇಕು. ಮಾರ್ಚ್‌ನಲ್ಲಿ ಕಡಿದದ್ದನ್ನು ಏಪ್ರಿಲ್ 30ರೊಳಗೆ ಕಟ್ಟಬೇಕು.

ಮೊದಲ ವರ್ಷ ಲೇಖಕರಿಗೆ ಕ್ರೆಡಿಟ್ ಆದದ್ದು 80,000. ಕಡಿತ 8,000, ಬ್ಯಾಂಕಿನಿಂದ ಹೋಗುವುದು 72,000. ಬರೀ 48,000ದ ಮೇಲೆ ಕಡಿದರೆ ಕಡಿಮೆಯಾಗುತ್ತದೆ. ನಾಲ್ಕನೇ ವರ್ಷ ಇದರ ಉಲ್ಟಾ ತಪ್ಪು ನಡೆಯುತ್ತದೆ. ಕೆಲವರು ಲೇಖಕರ ಖಾತೆಗೆ ಪೂರ್ತಿ 1,08,000 ಕ್ರೆಡಿಟ್ ಮಾಡಿ, ಆಮೇಲೆ 16,000 ಡೆಬಿಟ್ ಮಾಡುತ್ತಾರೆ. ಲೆಕ್ಕಕ್ಕೆ ಅದೂ ಸರಿಯೇ. ಆದರೆ ಸಾಫ್ಟ್‌ವೇರ್ ಆ 1,08,000ದ ಮೇಲೆ ಟಿಡಿಎಸ್ ಹಾಕಿಬಿಡುತ್ತದೆ. ಆ 16,000ಕ್ಕೆ 2022-23ರಲ್ಲೇ ಕಡಿತವಾಗಿದೆ, ಎರಡನೇ ಸಲ ಕಡಿದಂತಾಗುತ್ತದೆ. ಹಂತ 5ರಲ್ಲಿ ತೋರಿಸಿದಂತೆ ನೇರವಾಗಿ 92,000 ಕ್ರೆಡಿಟ್ ಮಾಡಿದರೆ ಈ ತಲೆನೋವಿಲ್ಲ. ಕಡಿತ 9,200, ಲೇಖಕರಿಗೆ 82,800.

ಜಿಎಸ್‌ಟಿ ವಿಷಯದಲ್ಲಿ ಒಂದೇ ಮಾತು: ಲೇಖಕರು ಪ್ರಕಾಶಕರಿಗೆ ಕೊಡುವ ಕೃತಿಸ್ವಾಮ್ಯದ ಮೇಲಿನ ತೆರಿಗೆ ಸಾಮಾನ್ಯವಾಗಿ ರಿವರ್ಸ್ ಚಾರ್ಜ್‌ನಲ್ಲಿ ಪ್ರಕಾಶಕರ ತಲೆಗೇ ಬರುತ್ತದೆ. ಅದನ್ನು ರಾಯಲ್ಟಿ ಮೊತ್ತದಿಂದ ಕಳೆಯಬೇಡಿ, ಮಿನಿಮಮ್ ರೆಂಟಿನ ಹೋಲಿಕೆಗೂ ತರಬೇಡಿ.

## ಹಂತ 7: ತಾಳೆ ನೋಡಿ

ಇದಕ್ಕೆ ಒಂದೇ ಒಂದು ಸಾಲಿನ ಲೆಕ್ಕ ಸಾಕು, ಯಾವ ವರ್ಷ ಬೇಕಾದರೂ ಮಾಡಬಹುದು. ಅಲ್ಲಿಯವರೆಗೆ ಲೇಖಕರಿಗೆ ಸಂದ ಒಟ್ಟು ಮೊತ್ತ, ಅಲ್ಲಿಯವರೆಗಿನ ಒಟ್ಟು ರಾಯಲ್ಟಿ, ಲ್ಯಾಪ್ಸ್ ಆದದ್ದು ಮತ್ತು ಮುಂದಕ್ಕೆ ಹೋಗಿರುವ ಬಾಕಿ, ಈ ಮೂರರ ಮೊತ್ತಕ್ಕೆ ಸಮ ಇರಬೇಕು.

2024ರ ಮಾರ್ಚ್ 31ಕ್ಕೆ ನೋಡೋಣ. ಸಂದದ್ದು 2,40,000. ರಾಯಲ್ಟಿ 2,12,000, ಲ್ಯಾಪ್ಸ್ 12,000, ಬಾಕಿ 16,000, ಒಟ್ಟು 2,40,000. ಸರಿ ಹೋಯಿತು. ಲೈಸೆನ್ಸಿನ ಕೊನೆಗೆ ಸಂದದ್ದು 4,12,000. ರಾಯಲ್ಟಿ 3,96,000, ಲ್ಯಾಪ್ಸ್ 16,000, ಬಾಕಿ ಇಲ್ಲ.

ಈ ತಾಳೆಗೂ ಒಂದು ಮಿತಿ ಇದೆ. ಹಂತ 2ರ ಎಣಿಕೆ ತಪ್ಪಿದ್ದರೂ, ಹಂತ 4ರಲ್ಲಿ ಹೊಸ ಕೊರತೆಯನ್ನು ಮೊದಲು ತೀರಿಸಿದ್ದರೂ ಇದು ಸರಿಯಾಗೇ ಬರುತ್ತದೆ. ಕೂಡುವ ಕಳೆಯುವ ತಪ್ಪನ್ನು ಮಾತ್ರ ಇದು ಹಿಡಿಯುತ್ತದೆ. ಆದ್ದರಿಂದ ಕೆಳಗಿನ ಸೂಚನೆಗಳನ್ನೂ ನೋಡಿ.

## ಏನೋ ತಪ್ಪಿದೆ ಅಂತ ತಿಳಿಯುವುದು ಹೇಗೆ

ಯಾವುದೇ ವರ್ಷ ಲೇಖಕರಿಗೆ ಸಲ್ಲುವ ಮೊತ್ತ ಮಿನಿಮಮ್ ರೆಂಟಿಗಿಂತ ಕಡಿಮೆ ಬಂದರೆ ರಿಕೂಪ್ ಜಾಸ್ತಿ ಮಾಡಿದ್ದೀರಿ. ವರ್ಷದ ಮಧ್ಯದಲ್ಲಿ ಶುರುವಾದ ಲೈಸೆನ್ಸಿಗೆ ಕರಾರಿನಲ್ಲೇ ಆ ತಿಂಗಳುಗಳಿಗೆ ತಕ್ಕ ಹಾಗೆ ಕಡಿಮೆ ಮಾಡಿದ್ದರೆ ಮಾತ್ರ ಇದಕ್ಕೆ ವಿನಾಯಿತಿ.

ಶಾರ್ಟ್ ವರ್ಕಿಂಗ್ಸ್ ಖಾತೆಯಲ್ಲಿ ಕ್ರೆಡಿಟ್ ಬಾಕಿ ಕಂಡರೆ ಇಲ್ಲದ ಕೊರತೆಯನ್ನು ವಜಾ ಮಾಡಿದ್ದೀರಿ. ಲೈಸೆನ್ಸ್ ಮುಗಿದ ಮೇಲೂ ಆ ಖಾತೆಯಲ್ಲಿ ಬಾಕಿ ಉಳಿದಿದ್ದರೆ ಕೊನೆಯ ವರ್ಷದ ಲ್ಯಾಪ್ಸ್ ಎಂಟ್ರಿ ಬಿಟ್ಟುಹೋಗಿದೆ. ಬ್ಯಾಲೆನ್ಸ್ ಶೀಟಿನಲ್ಲಿರುವ ಬಾಕಿಯನ್ನು ತೋರಿಸಿ "ಇದು ಯಾವ ವರ್ಷದ್ದು, ಯಾವ ದಿನದವರೆಗೆ ಉಪಯೋಗಕ್ಕೆ ಬರುತ್ತದೆ" ಅಂತ ಕೇಳಿದಾಗ ಉತ್ತರ ಬರದಿದ್ದರೆ, ವರ್ಷವಾರು ಬೇರೆ ಮಾಡದೆ ಕೂಡಿಸಿಟ್ಟಿದ್ದೀರಿ. ಹಂತ 3ರ ಪಟ್ಟಿಗೆ ವಾಪಸ್ ಹೋಗಿ.

ಇನ್ನು ಕಣ್ಣಿಗೆ ಬೀಳದ ಒಂದು ಅಪಾಯ. ಗಡುವು ಇದೆ ಅಂತ ಬಾಕಿಯನ್ನು ಆಸ್ತಿಯಾಗಿ ಮುಂದಕ್ಕೆ ಒಯ್ಯುತ್ತಲೇ ಇರುತ್ತಾರೆ. ಆದರೆ ಪಠ್ಯಕ್ರಮ ಬದಲಾಗಿ ಆ ಪುಸ್ತಕ ವರ್ಷಕ್ಕೆ 500 ಪ್ರತಿಯೂ ಹೋಗುತ್ತಿಲ್ಲ ಅಂದುಕೊಳ್ಳಿ. 40 ರೂಪಾಯಿ ದರಕ್ಕೆ 80,000 ದಾಟಬೇಕಾದರೆ 2,000 ಪ್ರತಿಗಿಂತ ಜಾಸ್ತಿ ಮಾರಾಟವಾಗಬೇಕು. ಅದು ಸಾಧ್ಯವಿಲ್ಲ ಅಂತ ಗೊತ್ತಾದ ವರ್ಷವೇ ಆ ಬಾಕಿಯನ್ನು ಲಾಭ-ನಷ್ಟ ಖಾತೆಗೆ ಹಾಕಬೇಕು, ಗಡುವಿನವರೆಗೆ ಕಾಯಬಾರದು. ಹಾಗಾಗಿ ಪ್ರತಿ ಮಾರ್ಚ್ 31ಕ್ಕೆ ಬಾಕಿಯ ಪಕ್ಕದಲ್ಲಿ ಮುಂದಿನ ವರ್ಷದ ಮಾರಾಟದ ಅಂದಾಜನ್ನೂ ಬರೆದು, 2,000ದ ಜೊತೆ ಹೋಲಿಸಿ ನೋಡಿ.